ಕನ್ಸೆಂಟ್ ಆರ್ಡರ್ ಓದುವುದು ಹೇಗೆ? ಕೈಯಲ್ಲೊಂದು ಪೆನ್ಸಿಲ್ ಇಟ್ಟುಕೊಳ್ಳಿ

ಅಂಕೋಲಾ, ಕುಮಟಾ ಕಡೆಯ ಸಣ್ಣ ಫ್ಯಾಕ್ಟರಿ ಆಫೀಸಿಗೆ ಹೋದರೆ ಗೋಡೆಯ ಮೇಲೆ ಎರಡು ಫ್ರೇಮ್ ಕಾಣುತ್ತವೆ. ಒಂದು ಕಾರ್ಖಾನೆ ಲೈಸೆನ್ಸ್. ಇನ್ನೊಂದು ಕನ್ಸೆಂಟ್, ಅಂದರೆ ಘಟಕ ನಡೆಸಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಅನುಮತಿ, ಅದೂ ಮೊದಲ ಪುಟ ಮಾತ್ರ. ಷರತ್ತುಗಳಿರುವ ಉಳಿದ ಪುಟಗಳು ಯಾವುದೋ ಫೈಲಿನಲ್ಲಿ ಕೂತಿರುತ್ತವೆ, ಆರ್ಡರ್ ಬಂದ ದಿನ ಬಿಟ್ಟರೆ ಅವುಗಳನ್ನು ಯಾರೂ ತೆರೆದಿರುವುದಿಲ್ಲ. ನಮಗೆ ಬೇಕಾದದ್ದು ಆ ಪುಟಗಳೇ.

ಉದಾಹರಣೆಗೆ ಒಂದು ಮೀನು ಫ್ರೀಜಿಂಗ್ ಘಟಕ ತೆಗೆದುಕೊಳ್ಳೋಣ. ಅದರ ಆರ್ಡರ್‌ನಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: ಉತ್ಪಾದನೆ ದಿನಕ್ಕೆ 20 ಟನ್, ಕೊಳೆನೀರು 25 ಕೆಎಲ್‌ಡಿ, ಶುದ್ಧಗೊಳಿಸಿದ ನೀರು ಆವರಣದೊಳಗಿನ ತೋಟಕ್ಕೆ, ಅವಧಿ 2027ರ ಜೂನ್ 30ರವರೆಗೆ. ಕೆಎಲ್‌ಡಿ ಅಂದರೆ ದಿನಕ್ಕೆ ಇಷ್ಟು ಸಾವಿರ ಲೀಟರ್ ಅಂತ, ಅಷ್ಟೇ.

ಮೊದಲು ಮೂರು ಗುರುತು ಹಾಕಿ

ಇಡೀ ಆರ್ಡರ್ ಒಂದು ಸಲ ಓದಿ. ತಾರೀಖು ಅಥವಾ ದಿನಗಳ ಲೆಕ್ಕ ಬಂದಲ್ಲಿ ಗೋಲ ಹಾಕಿ. ಮಿತಿಯ ಅಂಕಿ ಬಂದಲ್ಲಿ ಅಡಿಗೆರೆ ಎಳೆಯಿರಿ. 'ಸಲ್ಲಿಸಬೇಕು', 'ದಾಖಲೆ ಇಡಬೇಕು', 'ತಿಳಿಸಬೇಕು' ಅಂತ ಇದ್ದಲ್ಲಿ ಸರಿ ಗುರುತು. ಕೊನೆಯ ಅನುಬಂಧಗಳನ್ನು ಬಿಡಬೇಡಿ, ಮಿತಿಗಳ ಪಟ್ಟಿ ಬಹಳ ಸಲ ಅಲ್ಲೇ ಇರುತ್ತದೆ. ಮಧ್ಯದಲ್ಲಿ ತಿದ್ದುಪಡಿ ಆದೇಶ ಏನಾದರೂ ಬಂದಿದ್ದರೆ ಅದನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಳೇ ಅಂಕಿಯನ್ನೇ ನಂಬಿ ಕೂರುತ್ತೀರಿ.

ಮುಗಿಯುವ ದಿನ ನಿಮ್ಮ ದಿನ ಅಲ್ಲ

ಎಲ್ಲರೂ ಕ್ಯಾಲೆಂಡರಿನಲ್ಲಿ ಜೂನ್ 30 ಅಂತ ಬರೆದುಕೊಳ್ಳುತ್ತಾರೆ. ಆದರೆ ರಿನ್ಯೂವಲ್ ಅರ್ಜಿಯನ್ನು ಎಷ್ಟು ದಿನ ಮೊದಲು ಹಾಕಬೇಕು ಅನ್ನುವುದು ಷರತ್ತಿನಲ್ಲೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 120 ದಿನ ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ B2 ಕೋಶಕ್ಕೆ ಮುಗಿಯುವ ತಾರೀಖು ಹಾಕಿ, ಪಕ್ಕದ ಕೋಶದಲ್ಲಿ ಇಷ್ಟು ಬರೆಯಿರಿ:

```
=B2-120
```

ಬರುವ ಉತ್ತರ 2027ರ ಮಾರ್ಚ್ 2. ನಿಮ್ಮ ನಿಜವಾದ ಗಡುವು ಅದು. ಅರ್ಜಿಯ ಜೊತೆ ಲ್ಯಾಬ್ ವರದಿ, ಹಳೇ ಷರತ್ತುಗಳನ್ನು ಪಾಲಿಸಿದ ವಿವರ ಎಲ್ಲ ಬೇಕಾಗುತ್ತದೆ, ಹಾಗಾಗಿ ತಯಾರಿಯನ್ನು ಜನವರಿಯಲ್ಲೇ ಶುರು ಮಾಡಿ. ಜಲ ಕಾಯ್ದೆಯ 25ನೇ ಕಲಮಿನಲ್ಲಿ ಅರ್ಜಿಯ ಮೇಲೆ ತೀರ್ಮಾನಿಸಲು ಮಂಡಳಿಗೆ ನಾಲ್ಕು ತಿಂಗಳ ಕಾಲವಿದೆ. ಜೂನ್‌ನಲ್ಲಿ ಅರ್ಜಿ ಹಾಕಿ ಜೂನ್‌ನಲ್ಲೇ ಆರ್ಡರ್ ಕೊಡಿ ಅಂದರೆ ಆಗುತ್ತದಾ?

ಮಿತಿ ಓದುವಾಗ ಅಂಕಿಯ ಪಕ್ಕದ ಪದ ನೋಡಿ

ಜಾಸ್ತಿ ಎಡವುವುದು ಇಲ್ಲೇ. 25 ಕೆಎಲ್‌ಡಿ ಅಂದರೆ ಪ್ರತಿ ದಿನದ ಮಿತಿ, ತಿಂಗಳ ಸರಾಸರಿ ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಟ್ರಾಲ್ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಕೆಲವು ದಿನ ಮೀನು ರಾಶಿ ಬೀಳುತ್ತದೆ. ಆ ಆಗಸ್ಟ್‌ನಲ್ಲಿ ಮೀಟರ್ ಲೆಕ್ಕದಂತೆ 31 ದಿನಕ್ಕೆ ಹೊರಬಂದ ನೀರು 620 ಸಾವಿರ ಲೀಟರ್ ಎನ್ನಿ. ಸರಾಸರಿ 20 ಬಂತು, ಮ್ಯಾನೇಜರ್ ಸಾಹೇಬರು ಖುಷಿ. ಆದರೆ ದಿನದ ಪುಸ್ತಕ ತೆರೆದರೆ 9 ದಿನ ತಲಾ 31 ಸಾವಿರ ಲೀಟರ್ ಹೋಗಿದೆ, ಉಳಿದ 22 ದಿನ ಸರಾಸರಿ 15.5. ಅಂದರೆ 9 ದಿನ ಮಿತಿ ಮೀರಿದೆ. ಎರಡು ತಿಂಗಳು ಸುಮ್ನೆ ಕೂತಿದ್ದೆವಲ್ಲ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 20 ಟನ್‌ದೂ ಇದೇ ಕತೆ. ಪ್ರತಿ ಸೀಸನ್‌ನಲ್ಲೂ ಹೀಗಾಗುತ್ತಿದ್ದರೆ ಮಿತಿ ಹೆಚ್ಚಿಸಲು ಮೊದಲೇ ಅರ್ಜಿ ಹಾಕಬೇಕು.

ಇನ್ನೊಂದು, ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಗುಣಮಟ್ಟದ ಅಂಕಿ ಬದಲಾಗುತ್ತದೆ. ಬಿಒಡಿ ಅಂದರೆ ನೀರಿನಲ್ಲಿ ಕೊಳೆಯುವಂಥ ಕಶ್ಮಲ ಎಷ್ಟಿದೆ ಅಂತ ತೋರಿಸುವ ಅಂಕಿ. ಪರಿಸರ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಅದರ ಮಿತಿ ಹಳ್ಳ, ಹೊಳೆಗೆ ಬಿಡುವುದಾದರೆ ಲೀಟರಿಗೆ 30 ಮಿಲಿಗ್ರಾಂ, ತೋಟದ ನೆಲಕ್ಕಾದರೆ 100, ಸಮುದ್ರದ ಅಂಚಿಗಾದರೂ 100. ಮಂಡಳಿ ನಿಮ್ಮ ಆರ್ಡರ್‌ನಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಕೊಟ್ಟಿದ್ದರೆ ಅದೇ ನಿಮ್ಮ ಮಿತಿ. ಲ್ಯಾಬ್ ವರದಿಯಲ್ಲೂ ಮಿತಿ ಅಂತ ಒಂದು ಕಾಲಂ ಇರುತ್ತದೆ. ಅದು ಎಷ್ಟೋ ಸಲ ಅವರ ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಪಟ್ಟಿ, ನಿಮ್ಮ ಆರ್ಡರ್ ನೋಡಿ ಹಾಕಿದ್ದಲ್ಲ. ನಾನೇ ಒಂದು ಸಲ ಮೋಸ ಹೋಗಿದ್ದೇನೆ. ವರದಿಯಲ್ಲಿ ಮಿತಿ 100, ನಮ್ಮದು 62 ಅಂತ ನೋಡಿ ಫೈಲ್ ಮಾಡಿಟ್ಟೆ. ಆರ್ಡರ್‌ನಲ್ಲಿ ಇದ್ದದ್ದು 30. ವರದಿ ಬಂದಾಗಲೆಲ್ಲ ಆ ಕಾಲಂ ಮೇಲೆ ಬೆರಳಿಟ್ಟು ಮುಚ್ಚಿ, ಆರ್ಡರ್ ಜೊತೆ ಹೋಲಿಸಿ.

ಮಳೆಗಾಲದಲ್ಲಿ ನಮ್ಮ ಕಡೆ ತೋಟ ನೀರು ಕುಡಿಯುವುದೇ ಇಲ್ಲ, ಅಲ್ವಾ? ಆಗ ಯಾರೋ ಪೈಪನ್ನು ರಸ್ತೆ ಪಕ್ಕದ ಗಟಾರಕ್ಕೆ ತಿರುಗಿಸುತ್ತಾರೆ. ಬಿಒಡಿ 10 ಬಂದರೂ ಅದು ತಪ್ಪೇ, ಏಕೆಂದರೆ ಆರ್ಡರ್‌ನಲ್ಲಿ ಆ ಜಾಗವೇ ಇಲ್ಲ. ಹಾಗಾಗಿ 'ಎಲ್ಲಿಗೆ' ಅನ್ನುವುದನ್ನೂ ಮಿತಿಗಳ ಪಟ್ಟಿಯಲ್ಲೇ ಬರೆಯಿರಿ.

ಯಾರಿಗೆ, ಯಾವಾಗ ವರದಿ

ವರ್ಷಕ್ಕೊಮ್ಮೆ ಮಂಡಳಿಗೆ ವರದಿ ಕೊಡಬೇಕಾದ ಎರಡು ತಾರೀಖು ನೆನಪಿಡಿ. ಡಿಜಿ ಸೆಟ್, ಕಂಪ್ರೆಸರ್‌ಗಳಿಂದ ತೆಗೆದ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೆ ಬರುತ್ತದೆ. ಅದರ ವಾರ್ಷಿಕ ವಿವರ ಫಾರಂ 4, ಜೂನ್ 30ರೊಳಗೆ. ಪರಿಸರ ಹೇಳಿಕೆ ಫಾರಂ 5, ಮಾರ್ಚ್‌ಗೆ ಮುಗಿದ ವರ್ಷದ್ದು ಸೆಪ್ಟೆಂಬರ್ 30ರೊಳಗೆ. ಮೀನು ಘಟಕಗಳಲ್ಲಿ ಫಾರಂ 4 ಸಲೀಸು, ಜೂನ್‌ನಲ್ಲಿ ಕೈ ಖಾಲಿ ಇರುತ್ತದೆ. ತಪ್ಪಿಹೋಗುವುದು ಫಾರಂ 5, ಸೆಪ್ಟೆಂಬರ್‌ನಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಮಾರ್ಚ್‌ವರೆಗಿನ ಲೆಕ್ಕ ತಾನೇ, ಎರಡನ್ನೂ ಜೂನ್‌ನಲ್ಲೇ ಮುಗಿಸಿಬಿಡಿ.

ಆಯಿಲ್ ಬ್ಯಾರಲ್ ಮೇಲೆ ತುಂಬಲು ಶುರು ಮಾಡಿದ ದಿನ ಬರೆದಿಡಿ. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ 10 ಟನ್‌ವರೆಗೆ ಇಂಥ ತ್ಯಾಜ್ಯ ಬರುವ ಸಣ್ಣವರಿಗೆ ಮಂಡಳಿ ಅದನ್ನು 180 ದಿನದವರೆಗೆ ವಿಸ್ತರಿಸಬಹುದು, ಆದರೆ ಕೇಳಬೇಕು, ತಾನಾಗಿ ಸಿಗುವುದಲ್ಲ. ಈ ತ್ಯಾಜ್ಯದ ಅನುಮತಿ ಬೇರೆ ಕಾಗದದಲ್ಲಿದ್ದರೆ ಅದರ ಮುಗಿಯುವ ತಾರೀಖೂ ಬೇರೆ, ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಕೊಡಿ.

ಕಾರ್ಖಾನೆ ಲೈಸೆನ್ಸ್

ಇದು ಚಿಕ್ಕ ಕಾಗದ, ನೋಡಬೇಕಾದದ್ದು ಮೂರೇ: ಯಾವ ವರ್ಷದವರೆಗೆ, ಗರಿಷ್ಠ ಎಷ್ಟು ಕೆಲಸಗಾರರು, ಎಷ್ಟು ಎಚ್‌ಪಿ. ಲೈಸೆನ್ಸ್‌ನಲ್ಲಿ 50 ಜನ ಅಂತಿದೆ, ಸೀಸನ್‌ನಲ್ಲಿ ಮೀನು ಸ್ವಚ್ಛ ಮಾಡಲು ಗುತ್ತಿಗೆದಾರ ಇನ್ನೂ 30 ಹೆಂಗಸರನ್ನು ಕರೆತರುತ್ತಾನೆ. 'ಅವರು ನಮ್ಮ ಮಸ್ಟರ್‌ನಲ್ಲಿ ಇಲ್ಲ ಮಾರಾಯ್ರೆ' ಅನ್ನುವ ಉತ್ತರ ನಡೆಯುವುದಿಲ್ಲ, ಗುತ್ತಿಗೆಯವರೂ ಕೆಲಸಗಾರರೇ. ಆ ದಿನಕ್ಕೆ ಒಟ್ಟು 80. ಹೊಸ ಕಂಪ್ರೆಸರ್ ತಂದರೆ ಎಚ್‌ಪಿ ಕೂಡಿಸಿ ನೋಡಿ. ಮೋಟರ್ ಪ್ಲೇಟ್ ಮೇಲೆ ಕಿಲೋವ್ಯಾಟ್ ಇದ್ದರೆ 0.746ರಿಂದ ಭಾಗಿಸಿ. 37 ಕಿಲೋವ್ಯಾಟ್ ಅಂದರೆ ಸುಮಾರು 50 ಎಚ್‌ಪಿ.

ಇಷ್ಟನ್ನೂ ಒಂದೇ ಶೀಟಿಗೆ ಇಳಿಸಿ. ಪ್ರತಿ ಸಾಲಿನಲ್ಲಿ ಷರತ್ತಿನ ನಂಬರ್, ಏನು ಮಾಡಬೇಕು, ಮಿತಿ, ಮುಂದಿನ ತಾರೀಖು, ಯಾರ ಕೆಲಸ. ಕೊನೆಯ ಕಾಲಂನಲ್ಲಿ ಸಾಕ್ಷಿ ಎಲ್ಲಿದೆ ಅಂತ ಬರೆಯಿರಿ: ಸ್ವೀಕೃತಿ ನಂಬರ್, ಮೀಟರ್ ಪುಸ್ತಕದ ಪುಟ, ಹೀಗೆ. 'ಯಾರ ಕೆಲಸ' ಅನ್ನುವಲ್ಲಿ 'ಆಫೀಸ್' ಅಂತ ಬರೆಯಬೇಡಿ, ಒಬ್ಬರ ಹೆಸರೇ ಹಾಕಿ.