ಬಿಸಿಲು ಬಾರದ ಮನೆಗೆ ಕೊಟ್ಟ ಗಿಡ

ಗೆಳತಿ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ನಾನು ಒಂದು ಅರೆಕಾ ಪಾಮ್ ತೆಗೆದುಕೊಂಡು ಹೋಗಿದ್ದೆ. ಸೊಂಟದೆತ್ತರದ ಗಿಡ, ಬಿಳಿ ಪಿಂಗಾಣಿ ಕುಂಡ, ಅದಕ್ಕೊಂದು ಕೆಂಪು ರಿಬ್ಬನ್. ಫೋಟೋದಲ್ಲಿ ಚೆನ್ನಾಗಿಯೇ ಬಂತು. ಎರಡೂವರೆ ತಿಂಗಳಿಗೆ ಸತ್ತಿತು.

ಆಮೇಲೆ ಆ ಕುಂಡವನ್ನು ವಾಪಸ್ ತಂದು ಮಗುಚಿದೆ. ತಳದಲ್ಲಿ ತೂತೇ ಇರಲಿಲ್ಲ. ಕೆಳಗಿನ ಎರಡು ಇಂಚು ಮಣ್ಣು ಕೆಸರಾಗಿ ಮೋರಿ ವಾಸನೆ ಹೊಡೆಯುತ್ತಿತ್ತು, ಬೇರು ಹಿಡಿದರೆ ಕೈಗೇ ಕಳಚಿ ಬರುತ್ತಿತ್ತು. ಅವಳು ಪಾಪ ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕುತ್ತಿದ್ದಳಂತೆ. "ಬಿಸಿಲಂತೂ ಇಲ್ಲ, ನೀರಾದರೂ ಸರಿಯಾಗಿ ಹಾಕೋಣ ಅಂತ ಕಣೇ" ಅಂದಳು. ಲೆಕ್ಕ ಇರುವುದು ಇದಕ್ಕೆ ಉಲ್ಟಾ. ಬೆಳಕು ಕಮ್ಮಿ ಆದಷ್ಟೂ ಗಿಡ ನೀರು ಎಳೆಯುವುದೂ ಕಮ್ಮಿ. ಕುಡಿಯದೆ ಉಳಿದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಅದು ಗೊತ್ತಿದ್ದೂ ತೂತಿಲ್ಲದ ಕುಂಡ ಕೊಟ್ಟಿದ್ದು ನಾನು. ಅವಳದ್ದೇನು ತಪ್ಪು?

ಎರಡನೇ ಸಲ ನರ್ಸರಿಗೆ ಹೋಗುವ ಮೊದಲು ಅವಳ ಮನೆಗೆ ಹೋದೆ, ಒಂದು ಬಿಳಿ ಹಾಳೆ ಹಿಡಿದುಕೊಂಡು. ಬೆಂಗಳೂರಿನ ಸಾವಿರಾರು ಮನೆಗಳ ಹಾಗೆಯೇ ಇದೂ ಒಂದು. ಎರಡನೇ ಮಹಡಿ, ಒಂದೇ ಬೆಡ್‌ರೂಮು, ಹಾಲ್‌ನ ಕಿಟಕಿ ತೆಗೆದರೆ ನಾಲ್ಕಡಿಗೆ ಪಕ್ಕದ ಕಟ್ಟಡದ ಗೋಡೆ. ಮಧ್ಯಾಹ್ನ 12ಕ್ಕೆ ಲೈಟ್ ಎಲ್ಲ ಆರಿಸಿ, ಹಾಳೆಯನ್ನು ಗಿಡ ಇಡುವ ಜಾಗದಲ್ಲಿಟ್ಟು, ಒಂದಡಿ ಮೇಲೆ ಕೈ ಚಾಚಿದೆ. ನೆರಳಿನ ಅಂಚು ಗೀಟು ಎಳೆದ ಹಾಗೆ ಬಿದ್ದರೆ ಒಳ್ಳೆಯ ಬೆಳಕು. ಮಸುಕಾಗಿಯಾದರೂ ಕೈ ಅಂತ ಗೊತ್ತಾದರೆ ಗಟ್ಟಿ ಗಿಡಗಳು ಬದುಕುತ್ತವೆ. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಗಿಡವೂ ಬೇಡ. ಕಿಟಕಿಯ ಕಟ್ಟೆಯ ಮೇಲೆ ಮಸುಕು ನೆರಳು ಬಿತ್ತು. ಅಲ್ಲಿಂದ ಎರಡಡಿ ಒಳಗೆ ಬರೀ ಮಬ್ಬು. ಟಿವಿ ಪಕ್ಕದಲ್ಲಿ, ಅಂದರೆ ನಾನು ಅರೆಕಾ ಪಾಮ್ ಇಟ್ಟು ಫೋಟೋ ತೆಗೆದ ಜಾಗದಲ್ಲಿ, ಏನೂ ಇಲ್ಲ. ಬೆಳಕು ಅಳೆಯುವ ಫೋನಿನ ಲಕ್ಸ್ ಮೀಟರ್ ಆಪ್‌ನಲ್ಲೂ ನೋಡಿದೆ. ಕಟ್ಟೆಯ ಮೇಲೆ 900ರ ಆಸುಪಾಸು, ಟಿವಿ ಹತ್ತಿರ 60. ಫೋನಿನ ಅಳತೆ ಅಷ್ಟು ಕರಾರುವಾಕ್ಕಲ್ಲ, ಆದರೆ ಎರಡು ಜಾಗಕ್ಕಿರುವ ಅಂತರ ಹೇಳಲು ಸಾಕು. ನಮ್ಮ ಕಣ್ಣು ಕತ್ತಲೆಗೆ ಬೇಗ ಹೊಂದಿಕೊಂಡುಬಿಡುತ್ತದೆ. "ಪರವಾಗಿಲ್ಲ, ಬೆಳಕಿದೆ" ಅಂತ ನಮಗೆ ಅನಿಸುವ ಕಡೆ ಗಿಡಕ್ಕೆ ಅರೆಹೊಟ್ಟೆ.

ಅಂತೂ ಇರುವುದು ಒಂದೇ ಜಾಗ, ಕಿಟಕಿ ಕಟ್ಟೆ. ಅದಕ್ಕೆ ನಾನು ಆರಿಸಿದ್ದು ಜೀಜೀ ಪ್ಲಾಂಟ್, ಕೆಲವರು ಜೆಡ್‌ಜೆಡ್ ಅನ್ನುತ್ತಾರೆ. ಇದರ ಮೂಲ ಪೂರ್ವ ಆಫ್ರಿಕಾ. ತಿಂಗಳುಗಟ್ಟಲೆ ಮಳೆ ಇಲ್ಲದ ಕಡೆ ಬೆಳೆದ ಗಿಡ. ಮಣ್ಣಿನೊಳಗೆ ಆಲೂಗಡ್ಡೆಯ ಹಾಗಿರುವ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಮೇಲೆ ದಪ್ಪ ಕಾಂಡ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ. ಸ್ನೇಕ್ ಪ್ಲಾಂಟ್ ಕೂಡ ಆಗುತ್ತಿತ್ತು, ಆದರೆ ಕಟ್ಟೆಯ ಮೇಲಿಟ್ಟರೆ ಅದರ ಎತ್ತರಕ್ಕೆ ಕಿಟಕಿ ಬಾಗಿಲು ತಾಗುತ್ತದೆ. ಕೆಂಪು ಅಗ್ಲೋನಿಮಾ ಕಣ್ಣಿಗೆ ಬಿತ್ತು, ಆಸೆಯೂ ಆಯಿತು. ಬಿಟ್ಟೆ. ಎಲೆಯ ಬಣ್ಣ ಜಾಸ್ತಿ ಇದ್ದಷ್ಟೂ ಅದಕ್ಕೆ ಬೆಳಕೂ ಜಾಸ್ತಿ ಬೇಕು. ಕತ್ತಲೆ ಮನೆಗೆ ಅಚ್ಚ ಹಸಿರು ಎಲೆಯದ್ದೇ ಸರಿ.

ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಹುಡುಕಿ ಐದಾರು ಕಾಂಡದ ಒಂದು ಗಿಡ ತಂದೆ, 280 ರೂಪಾಯಿ. ಆರಿಸುವಾಗ ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಗಟ್ಟಿ ಇರಬೇಕು, ಮೆತ್ತಗಿದ್ದರೆ ಒಳಗೆ ಕೊಳೆ ಶುರುವಾಗಿದೆ ಅಂತ. ಪ್ಲಾಸ್ಟಿಕ್ ಕುಂಡದ ಹೊಟ್ಟೆ ಉಬ್ಬಿದ್ದರೆ ಇನ್ನೂ ಒಳ್ಳೆಯದು, ಒಳಗೆ ಗೆಡ್ಡೆ ಚೆನ್ನಾಗಿ ಬಲಿತಿದೆ ಅಂತ ಅರ್ಥ.

ಗಿಡವನ್ನು ನರ್ಸರಿಯಿಂದ ನೇರ ಅವಳ ಮನೆಗೆ ಒಯ್ಯಲಿಲ್ಲ. ನಾಲ್ಕು ವಾರ ನನ್ನ ಮನೆಯಲ್ಲೇ ಇಟ್ಟುಕೊಂಡೆ. ಎರಡು ಕಾರಣ. ನರ್ಸರಿಯಲ್ಲಿ ಹಸಿರು ಶೇಡ್ ನೆಟ್ ಕೆಳಗಿದ್ದರೂ ಗಿಡಕ್ಕೆ ಸಿಗುವ ಬೆಳಕು ಕಿಟಕಿ ಕಟ್ಟೆಗಿಂತ ಎಷ್ಟೋ ಪಟ್ಟು. ಅಲ್ಲಿಂದ ಒಮ್ಮೆಲೇ ಕತ್ತಲೆಗೆ ಬಂದರೆ ಕೆಲವು ಎಲೆ ಹಳದಿಯಾಗಿ ಉದುರುತ್ತವೆ. ಉದುರುವುದಾದರೆ ನಮ್ಮ ಮನೆಯಲ್ಲೇ ಉದುರಲಿ, ಅವಳಿಗೆ ಮತ್ತೆ ಗಾಬರಿ ಬೇಡ. ಮೊದಲ ವಾರ ಬಾಲ್ಕನಿಯ ನೆರಳಲ್ಲಿಟ್ಟೆ, ಆಮೇಲೆ ಒಳಗೆ, ಕಿಟಕಿಯಿಂದ ದೂರ ದೂರ. ಒಂದು ಕಾಂಡದ ಬುಡದ ನಾಲ್ಕು ಎಲೆ ಹೋದವು, ಅಷ್ಟೇ.

ಎರಡನೆಯದು ಮಣ್ಣು. ನರ್ಸರಿಯ ಕುಂಡದಿಂದ ಗಿಡ ಎಳೆದರೆ ಬಂದದ್ದು ಅಂಟು ಕೆಂಪು ಮಣ್ಣಿನ ಉಂಡೆ, ರಾಗಿಮುದ್ದೆಯ ಹಾಗೆ. ನರ್ಸರಿಯ ಬಿಸಿಲು ಗಾಳಿಗೆ ಇದು ನಡೆಯುತ್ತದೆ. ಗಾಳಿಯಾಡದ ಹಾಲ್‌ನಲ್ಲಿ ಒಣಗಲು ವಾರಗಟ್ಟಲೆ ಬೇಕು. ಬೆರಳಿನಲ್ಲಿ ಬಿಡಿಸಿ ಸಡಿಲವಾಗಿದ್ದ ಮಣ್ಣನ್ನೆಲ್ಲ ಉದುರಿಸಿದೆ, ಗೆಡ್ಡೆಗೆ ಅಂಟಿದ್ದನ್ನು ಕೆರೆಯಲು ಹೋಗಲಿಲ್ಲ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್, ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಕಾಳಿನಂತಹ ಪರ್ಲೈಟ್ ಒಂದೊಂದು ಪಾಲು, ಮೇಲೆ ಎರಡು ಹಿಡಿ ಎರೆಗೊಬ್ಬರ ಕಲಸಿದೆ. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ಆಗುತ್ತದೆ. ಸರಿಯಾಯಿತಾ ಅಂತ ನೋಡಲು ಒಂದು ಹಿಡಿ ತೇವ ಮಾಡಿ ಮುಷ್ಟಿ ಕಟ್ಟಿ ಬಿಟ್ಟೆ. ಉಂಡೆ ನಿಲ್ಲಬಾರದು, ಬೆರಳು ತಾಗಿಸಿದರೆ ಉದುರಬೇಕು.

ಕುಂಡ ಆರು ಇಂಚಿನ ಸಾದಾ ಮಣ್ಣಿನದು, ತಳದಲ್ಲಿ ತೂತು. ಚೆಂದಕ್ಕೇನೂ ಅಲ್ಲ. ಸುಟ್ಟ ಮಣ್ಣಿನ ಗೋಡೆ ತೇವ ಹೀರಿ ಹೊರಗೆ ಬಿಡುತ್ತದೆ. ಅಪ್ಪಿತಪ್ಪಿ ನೀರು ಜಾಸ್ತಿ ಬಿದ್ದರೂ ಪ್ಲಾಸ್ಟಿಕ್ಕಿಗಿಂತ ಬೇಗ ಒಣಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಮಾತ್ರ ಇಟ್ಟೆ. ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವವರಿದ್ದಾರೆ. ಹಾಗೇನಿಲ್ಲ, ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕೆಳಗಿಳಿಯುವುದೇ ಇಲ್ಲ. ಬೇರಿಗೆ ಜಾಗ ಕಮ್ಮಿಯಾಗುತ್ತದೆ ಅಷ್ಟೇ. ನೆಟ್ಟ ಮೇಲೆ ಐದು ದಿನ ನೀರು ಹಾಕಲಿಲ್ಲ, ಕೆಲಸದಲ್ಲಿ ಗಾಯವಾದ ಬೇರು ಒಣಗಲಿ ಅಂತ.

ನೆಡುವಾಗ ಒಂದು ಎಲೆ ಮುರಿದು ರಸ ಕೈಗೆ ತಾಗಿ ಕಡಿತ ಶುರುವಾಯಿತು. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚುವವರಿಗೆ ಈ ತುರಿಕೆ ಗೊತ್ತು. ಜೀಜೀ, ಮನಿ ಪ್ಲಾಂಟ್, ಅಗ್ಲೋನಿಮಾ ಎಲ್ಲವೂ ಕೆಸು, ಸುವರ್ಣಗೆಡ್ಡೆಯ ಕುಟುಂಬದವೇ. ಸೂಜಿಯಂತಹ ಅದೇ ಹರಳುಗಳು ಎಲ್ಲದರಲ್ಲೂ ಇವೆ. ಎಲೆ ಕಚ್ಚುವ ಮಗು ಅಥವಾ ಬೆಕ್ಕು ಇರುವ ಮನೆಗಾದರೆ ನಾನು ಇವನ್ನು ಕೊಡುವುದಿಲ್ಲ, ಸ್ಪೈಡರ್ ಪ್ಲಾಂಟ್ ಕೊಡುತ್ತೇನೆ. ಗೆಳತಿ ಮನೆಯಲ್ಲಿ ಎರಡೂ ಇಲ್ಲ.

ಈಗ ನೀರಿನ ವಿಷಯ. "ತಿಂಗಳಿಗೊಮ್ಮೆ ಹಾಕು" ಅಂತ ಹೇಳಿದರೆ ಯಾರೂ ತಡೆಯುವುದಿಲ್ಲ, ಹತ್ತನೇ ದಿನಕ್ಕೇ ಲೋಟ ಕೈಗೆ ಬರುತ್ತದೆ. ಅದಕ್ಕೆ ಅಡುಗೆಮನೆ ತಕ್ಕಡಿ ಬಳಸಿದೆ. ಪೂರ್ತಿ ಒಣಗಿದಾಗ ಗಿಡ ಸಮೇತ ಕುಂಡ 2 ಕಿಲೋ ಇತ್ತು. ತಳದಿಂದ ಸುರಿಯುವಷ್ಟು ನೀರು ಹಾಕಿ ಸೋರಿದ ಮೇಲೆ ತೂಗಿದರೆ ಎರಡೂವರೆ. ಒಂದು ಚೀಟಿಯಲ್ಲಿ "2 ಕಿಲೋ ಆಗುವ ತನಕ ಮುಟ್ಟಬೇಡ" ಅಂತ ಬರೆದು ಕುಂಡಕ್ಕೆ ಅಂಟಿಸಿದೆ. ಎರಡು ಮೂರು ಸಲ ತೂಗಿದರೆ ಆಮೇಲೆ ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ. ತೂಗಲು ಬೇಜಾರಾದ ದಿನಕ್ಕೆ ಇನ್ನೊಂದು ದಾರಿ, ಉರಿದು ಉಳಿದ ಊದುಬತ್ತಿ ಕಡ್ಡಿ. ಅದನ್ನು ಅಂಚಿನ ಮಣ್ಣಿಗೆ ತಳದ ತನಕ ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಬೇಕು. ಮಣ್ಣು ಅಂಟಿದ್ದರೆ ಅಥವಾ ಕಡ್ಡಿ ತಣ್ಣಗಿದ್ದರೆ ನೀರು ಬೇಡ. ಮೇಲಿನ ಮಣ್ಣು ಮುಟ್ಟಿ ನೋಡುವುದು ಮೋಸ, ಮೇಲೆ ಬೂದಿಯ ಹಾಗೆ ಒಣಗಿದ್ದರೂ ತಳ ಹಸಿ ಇರಬಹುದು.

ಬೇಸಿಗೆಯಲ್ಲಿ ಅವಳ ಮನೆಯಲ್ಲಿ ಗಿಡಕ್ಕೆ ಮೂರೂವರೆ ವಾರಕ್ಕೊಮ್ಮೆ ನೀರು ಬೇಕಾಯಿತು. ಜುಲೈ ಆಗಸ್ಟಿನ ಮೋಡದಲ್ಲಿ ಆರು ವಾರವಾದರೂ ಕುಂಡ 2 ಕಿಲೋಗೆ ಇಳಿಯಲಿಲ್ಲ.

ಆಗಲೇ ಒಂದು ದಿನ ಫೋನು ಬಂತು. "ಒಂದು ಕಾಂಡ ಪೂರ್ತಿ ಹಳದಿ ಆಗಿದೆ, ಸಣ್ಣ ಕಪ್ಪು ನೊಣ ಬೇರೆ ಹಾರ್ತಿವೆ." ಹಳದಿ ಎರಡು ತರಹ ಇರುತ್ತದೆ. ಬುಡ ಗಟ್ಟಿ ಇದ್ದು ಹಳೆಯ ಕಾಂಡ ಒಂದೇ ನಿಧಾನಕ್ಕೆ ಹಳದಿಯಾದರೆ ವಯಸ್ಸಾಗಿದೆ ಅಂತ. ಬುಡ ಮೆತ್ತಗಾಗಿ, ಎಳೆದರೆ ಸಲೀಸಾಗಿ ಬಂದರೆ ಕೊಳೆ. ಎಳೆಯಲು ಹೇಳಿದೆ, ಬಂದುಬಿಟ್ಟಿತು. ಆ ನೊಣಗಳಿಗೂ ಹಸಿ ಮಣ್ಣೇ ಬೇಕು. ಕೇಳಿದರೆ, ಅವಳು ಊರಿಗೆ ಹೋಗಿದ್ದಾಗ ಮನೆ ನೋಡಿಕೊಳ್ಳಲು ಬಂದ ಅವಳ ಅಮ್ಮ "ಅಯ್ಯೋ ಒಣಗಿದೆ" ಅಂತ ದಿನಾ ನೀರು ಹಾಕಿದ್ದರು. ಚೀಟಿ ಅವರಿಗೆ ಕಾಣಲಿಲ್ಲ, ನಾನು ಅಂಟಿಸಿದ್ದು ಕುಂಡದ ಹಿಂದೆ.

ಹೋಗಿ ಗಿಡ ಹೊರತೆಗೆದೆವು. ಎಂಟು ಗೆಡ್ಡೆಯಲ್ಲಿ ಎರಡು ಮೆತ್ತಗಿದ್ದವು. ಗಟ್ಟಿ ಭಾಗ ಸಿಗುವ ತನಕ ಚಾಕುವಿನಲ್ಲಿ ಕತ್ತರಿಸಿ, ಗಾಯಕ್ಕೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಹಚ್ಚಿದೆವು. ಪುಡಿಯಿಂದ ಎಷ್ಟು ಉಪಯೋಗವಾಯಿತೋ, ಮುಖ್ಯವಾದದ್ದು ಗಾಯ ಒಣಗುವುದು. ಒಂದು ದಿನ ಪೇಪರ್ ಮೇಲೆ ಹಾಗೇ ಬಿಟ್ಟು ಹೊಸ ಮಣ್ಣಿಗೆ ನೆಟ್ಟೆವು. ಎರಡು ವಾರ ನೀರಿಲ್ಲ. ನೊಣಗಳು ತಾವಾಗಿಯೇ ಹೋದವು.

ಉಳಿದ ನಾಲ್ಕು ಕಾಂಡ ಈಗಲೂ ಇವೆ. ಕತ್ತಲೆಯಲ್ಲಿ ಇದು ಬದುಕುತ್ತದೆ, ಆದರೆ ಭರ್ಜರಿಯಾಗಿ ಬೆಳೆಯುತ್ತದೆ ಅಂತ ಅಂದುಕೊಳ್ಳಬಾರದು. ಒಂದು ವರ್ಷದಲ್ಲಿ ಬಂದದ್ದು ಒಂದೇ ಹೊಸ ಕಾಂಡ, ಅದೂ ಕಿಟಕಿಯ ಕಡೆ ಬಾಗಿ, ಎಲೆಗಳ ಮಧ್ಯೆ ಅಂತರ ಜಾಸ್ತಿ. ಬೆಳಕು ಹುಡುಕುವ ಗಿಡದ ಲಕ್ಷಣ ಅದು. ಈಗ ಅವಳು ಕಟ್ಟೆಯ ಮೇಲೆ ಒಂದಡಿ ಎತ್ತರಕ್ಕೆ 9 ವಾಟ್‌ನ ಬಿಳಿ ಎಲ್‌ಇಡಿ ಬಲ್ಬ್ ಹಾಕಿ ದಿನಕ್ಕೆ ಹತ್ತು ಗಂಟೆ ಉರಿಸುತ್ತಿದ್ದಾಳೆ. ತಿಂಗಳಿಗೆ ಮೂರು ಯೂನಿಟ್ಟೂ ಆಗುವುದಿಲ್ಲ. ಬಲ್ಬ್ ಬಂದ ಮೇಲೆ ಕುಂಡ ಬೇಗ ಹಗುರಾಗುತ್ತಿದೆಯಂತೆ. ಚೀಟಿಯನ್ನು ಈಗ ಮುಂದೆ ಅಂಟಿಸಿದ್ದಾಳೆ, ಕೆಳಗೆ ತನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿ: "ಅಮ್ಮಾ, ನೀನೂ ಮುಟ್ಟಬೇಡ."