ರೂಂ ಬಾಡಿಗೆಯ ಹೆಸರಿನಲ್ಲಿ ಕ್ಲೇಮ್ ಕಡಿತವೇ? ಉಳಿದ ಹಣ ಕೇಳಿ ಪಡೆಯುವುದು ಹೇಗೆ

ಆರೋಗ್ಯ ವಿಮೆಯ ಕ್ಲೇಮ್ ಪೂರ್ತಿ ತಿರಸ್ಕೃತವಾದಾಗ ಜನ ಜಗಳಕ್ಕೆ ನಿಲ್ಲುತ್ತಾರೆ. ಅರ್ಧ ಹಣ ಬಂದಾಗ ಮಾತ್ರ ಬಂದಷ್ಟು ಬಂತೆಂದು ಸುಮ್ಮನಾಗುತ್ತಾರೆ. ಆದರೆ ಭಾಗಶಃ ಕಡಿತದಲ್ಲಿ ಕಂಪನಿಯು ಕ್ಲೇಮ್ ನ್ಯಾಯವಾದುದೆಂದು ಆಗಲೇ ಒಪ್ಪಿರುತ್ತದೆ. ಉಳಿಯುವುದು ಲೆಕ್ಕದ ತಕರಾರು ಮಾತ್ರ, ಮತ್ತು ಲೆಕ್ಕವನ್ನು ಕಾಗದದ ಮೇಲೆ ತಿದ್ದಿ ತೋರಿಸಬಹುದು. ಇಂಥ ಕಡಿತಗಳಲ್ಲಿ ದೊಡ್ಡ ಮೊತ್ತ ನುಂಗುವುದು, ರೂಂ ಬಾಡಿಗೆ ಮಿತಿ ಮೀರಿದಾಗ ಅದೇ ಪ್ರಮಾಣದಲ್ಲಿ ಬೇರೆ ಖರ್ಚುಗಳನ್ನೂ ಕತ್ತರಿಸುವ ‘ಪ್ರಮಾಣಾನುಗುಣ ಕಡಿತ’. ಅದನ್ನೇ ಇಲ್ಲಿ ನೋಡೋಣ.

ಮೂರು ಲಕ್ಷ ರೂಪಾಯಿಯ ಪಾಲಿಸಿಯೊಂದರಲ್ಲಿ ದಿನದ ರೂಂ ಬಾಡಿಗೆಗೆ ವಿಮಾ ಮೊತ್ತದ ಶೇ 1, ಅಂದರೆ 3,000 ರೂಪಾಯಿಯ ಮಿತಿ ಇದೆ ಎಂದುಕೊಳ್ಳಿ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಸೇರಿದ ರೋಗಿಗೆ ಸಿಕ್ಕಿದ್ದು ದಿನಕ್ಕೆ 5,000 ರೂಪಾಯಿಯ ರೂಂ. ಅಲ್ಲಿ ನಾಲ್ಕು ದಿನ ಇದ್ದರು. ಬಿಲ್ ಹೀಗಿತ್ತು: ರೂಂ 20,000, ಸರ್ಜನ್ ಮತ್ತು ಅರಿವಳಿಕೆ ವೈದ್ಯರ ಶುಲ್ಕ 50,000, ಆಪರೇಷನ್ ಥಿಯೇಟರ್ 20,000, ಔಷಧ ಮತ್ತು ಬಳಕೆ ಸಾಮಗ್ರಿ 40,000, ರಕ್ತಪರೀಕ್ಷೆ ಮತ್ತು ಸ್ಕ್ಯಾನ್ 15,000, ಒಳಗೆ ಹಾಕಿದ ಮೆಶ್ 15,000, ಜೊತೆಗಿದ್ದವರ ಊಟ, ಲಾಂಡ್ರಿ ಇತ್ಯಾದಿ 4,000. ಒಟ್ಟು 1,64,000 ರೂಪಾಯಿ. ಕಂಪನಿ ಕೊಟ್ಟದ್ದು 96,000.

ರೋಗಿಯು ರೂಂ ಬಾಡಿಗೆಯಲ್ಲಿ ದಿನಕ್ಕೆ 2,000ದಂತೆ 8,000 ರೂಪಾಯಿ ಹೋಗಬಹುದೆಂದು ಎಣಿಸಿದ್ದರು. ಆದರೆ ಹೋದದ್ದು 68,000. ಐದು ಸಾವಿರದ ರೂಂಗೆ ಮೂರು ಸಾವಿರದ ಅರ್ಹತೆ ಎಂದರೆ ಶೇ 60. ಆ ಶೇ 60ನ್ನು ಊಟ, ಲಾಂಡ್ರಿ ಬಿಟ್ಟು ಮಿಕ್ಕ ಇಡೀ ಬಿಲ್ಲಿಗೆ ಅನ್ವಯಿಸಲಾಗಿತ್ತು. ತಪ್ಪಿದ್ದುದು ಇಲ್ಲಿಯೇ.

ಮೊದಲು ಮಾಡಬೇಕಾದ ಕೆಲಸ ಕಾಗದ ತರಿಸಿಕೊಳ್ಳುವುದು. ‘ಪಾಲಿಸಿ ನಿಯಮದಂತೆ ಕಡಿತ’ ಎಂಬ ಒಂದು ಸಾಲಿನ ಮೆಸೇಜು ಸಾಲದು. ಯಾವ ಬಾಬ್ತಿನಲ್ಲಿ ಎಷ್ಟು ಕಡಿತವಾಯಿತು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬ ವಿವರವನ್ನು ಇ-ಮೇಲ್ ಮೂಲಕ ಕೇಳಿ. ಭಾಗಶಃ ನಿರಾಕರಣೆಗೂ ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸಿ ಕಾರಣ ತಿಳಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಯವರು ಫೋನಿನಲ್ಲಿ ಎಷ್ಟೇ ಸಮಾಧಾನದಿಂದ ವಿವರಿಸಿದರೂ ಆ ಮಾತಿಗೆ ಮುಂದೆ ಬೆಲೆ ಇರುವುದಿಲ್ಲ.

ಇದೇ ಹಂತದಲ್ಲಿ ಕಂಪನಿಯು ‘ಪೂರ್ಣ ಮತ್ತು ಅಂತಿಮ ತೀರುವಳಿ’ ಎಂಬ ಡಿಸ್ಚಾರ್ಜ್ ವೋಚರಿಗೆ ಸಹಿ ಕೇಳಬಹುದು. ಇಂಥ ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಹಣ ಕೇಳುವ ಹಕ್ಕು ಹೋಗುವುದಿಲ್ಲವೆಂದು ಐಆರ್‌ಡಿಎಐ 2015ರಲ್ಲಿಯೇ ಸ್ಪಷ್ಟಪಡಿಸಿದೆ. ಆದರೂ ಒಪ್ಪಿಯೇ ಸಹಿ ಮಾಡಿದ್ದೀರಿ ಎಂಬ ವಾದಕ್ಕೆ ಎಡೆಗೊಡದಂತೆ, ಸಹಿಯ ಮೇಲೆ ‘ಉಳಿದ ಮೊತ್ತದ ಬಗ್ಗೆ ಆಕ್ಷೇಪಣೆ ಉಳಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಬರೆಯುವುದು ಒಳ್ಳೆಯದು. ಬಂದ ಹಣವನ್ನು ಹಿಂದಿರುಗಿಸುವ ಅಗತ್ಯವಂತೂ ಇಲ್ಲ.

ಎರಡನೆಯ ಕೆಲಸ ಪಾಲಿಸಿ ಪುಸ್ತಕದಲ್ಲಿ ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ ಎಂಬುದರ ವ್ಯಾಖ್ಯೆ ಹುಡುಕುವುದು. ಪ್ರಮಾಣಾನುಗುಣ ಕಡಿತವು ಈ ಗುಂಪಿನ ಖರ್ಚುಗಳಿಗೆ ಮಾತ್ರ ಅನ್ವಯಿಸುತ್ತದೆ. 2020ರ ಜೂನ್‌ನಲ್ಲಿ ಬಂದ ಐಆರ್‌ಡಿಎಐ ಮಾರ್ಗಸೂಚಿಯಲ್ಲಿ ಔಷಧ, ಬಳಕೆ ಸಾಮಗ್ರಿ, ಇಂಪ್ಲಾಂಟ್, ವೈದ್ಯಕೀಯ ಸಾಧನ ಮತ್ತು ರೋಗಪತ್ತೆ ಪರೀಕ್ಷೆಗಳನ್ನು ಈ ಗುಂಪಿನಿಂದ ಹೊರಗಿಡಲಾಯಿತು. ಐಸಿಯು ಶುಲ್ಕಕ್ಕೂ ಈ ಕಡಿತ ಕೂಡದೆಂದು ಹೇಳಲಾಯಿತು. ಕಾರಣ ಸರಳ. ರೋಗಿ ಜನರಲ್ ವಾರ್ಡಿನಲ್ಲಿರಲಿ, ಸಿಂಗಲ್ ರೂಮಿನಲ್ಲಿರಲಿ, ಮಾತ್ರೆಯ ಬೆಲೆ ಬದಲಾಗುವುದಿಲ್ಲ. ಪತ್ರ ಬರೆಯುವಾಗ ಸುತ್ತೋಲೆಗಿಂತ ಮೊದಲು ನಿಮ್ಮ ಪಾಲಿಸಿಯ ಷರತ್ತಿನ ಸಂಖ್ಯೆಯನ್ನೇ ಎತ್ತಿ ಹೇಳಿ. ತಾನೇ ಬರೆದ ಮಾತನ್ನು ಕಂಪನಿ ಅಲ್ಲಗಳೆಯುವುದು ಕಷ್ಟ.

ಈಗ ಲೆಕ್ಕ ಮತ್ತೆ ಹಾಕಿ. ರೂಂಗೆ ನ್ಯಾಯವಾಗಿ ಸಿಗುವುದು 12,000. ವೈದ್ಯರ ಶುಲ್ಕ ಮತ್ತು ಥಿಯೇಟರ್ ಸೇರಿ 70,000. ಅದರ ಶೇ 60 ಎಂದರೆ 42,000. ಔಷಧ, ಪರೀಕ್ಷೆ, ಮೆಶ್‌ಗೆ ಪೂರ್ತಿ 70,000. ಒಟ್ಟು 1,24,000. ಕಂಪನಿ ಕೊಟ್ಟದ್ದಕ್ಕಿಂತ ಇದು 28,000 ಹೆಚ್ಚು.

ಹೆಚ್ಚಿನವರು ಇಲ್ಲಿಗೇ ನಿಲ್ಲುತ್ತಾರೆ; ಇನ್ನೊಂದು ಹೆಜ್ಜೆ ಬಾಕಿ ಇದೆ. ರೂಮಿನ ದರ್ಜೆಗೆ ತಕ್ಕಂತೆ ಬೇರೆ ಬೇರೆ ದರ ಹಾಕದ ಆಸ್ಪತ್ರೆಗಳಿಗೆ, ಅಥವಾ ಅಂಥ ವ್ಯತ್ಯಾಸವಿಲ್ಲದ ಖರ್ಚಿಗೆ, ಪ್ರಮಾಣಾನುಗುಣ ಕಡಿತ ಸಲ್ಲದೆಂದು ಅದೇ ಮಾರ್ಗಸೂಚಿ ಹೇಳಿತ್ತು. ಹಾಗಾಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಹೋಗಿ ದರಪಟ್ಟಿಯ ಪ್ರತಿಯನ್ನೋ, ‘ಸರ್ಜನ್ ಶುಲ್ಕ ಎಲ್ಲ ದರ್ಜೆಯ ರೂಂಗಳಿಗೂ ಒಂದೇ’ ಎಂಬ ಪತ್ರವನ್ನೋ ಸೀಲು ಹಾಕಿಸಿ ತನ್ನಿ. ಡಿಸ್ಚಾರ್ಜ್ ದಿನವೇ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ತಿಂಗಳ ಮೇಲೆ ಹೋದರೆ ಕೌಂಟರಿನಿಂದ ಕೌಂಟರಿಗೆ ಅಲೆದಾಟ. ನಮ್ಮ ಉದಾಹರಣೆಯಲ್ಲಿ ವೈದ್ಯರ ಶುಲ್ಕ ಎಲ್ಲ ರೂಂಗಳಿಗೂ ಒಂದೇ ಎಂದಾದರೆ ಆ 50,000 ಪೂರ್ತಿ ಸಿಗಬೇಕು. ಒಟ್ಟು 1,44,000 ಆಗುತ್ತದೆ. ಥಿಯೇಟರ್ ದರ ರೂಮಿನೊಂದಿಗೆ ಏರುತ್ತದೆ ಎಂದು ದರಪಟ್ಟಿಯಲ್ಲಿದ್ದರೆ ಅಲ್ಲಿನ 8,000 ಬಿಟ್ಟುಕೊಡಬೇಕು.

ಹಾಗಾದರೆ ಕೇಳಬೇಕಾದ ಬಾಕಿ 68,000 ಅಲ್ಲ, 48,000. ರೂಂ ಮಿತಿಯ 8,000, ಥಿಯೇಟರಿನ 8,000, ಊಟ-ಲಾಂಡ್ರಿಯ 4,000 ನಿಮ್ಮದೇ ಖರ್ಚೆಂದು ಪತ್ರದಲ್ಲಿ ನೀವೇ ಒಪ್ಪಿಕೊಳ್ಳಿ. ಎಲ್ಲವನ್ನೂ ಕೇಳಿದರೆ ಕಂಪನಿಯು ಸುಲಭದ ಬಾಬ್ತನ್ನು ಹಿಡಿದು ಇಡೀ ಮನವಿಯನ್ನು ತಳ್ಳಿಹಾಕಬಹುದು. ಪಾಲಿಸಿಯಲ್ಲಿ ಹರ್ನಿಯಾಕ್ಕೆ ಪ್ರತ್ಯೇಕ ಉಪಮಿತಿ ಅಥವಾ ಖರ್ಚಿನ ಒಂದು ಪಾಲನ್ನು ರೋಗಿಯೇ ಭರಿಸಬೇಕೆನ್ನುವ ಸಹಪಾವತಿ ಇದ್ದರೆ ಈ ಲೆಕ್ಕವೂ ಇಳಿಯುತ್ತದೆ. ಅದನ್ನು ಮೊದಲೇ ನೋಡಿಕೊಳ್ಳಿ.

ಪತ್ರ ಒಂದು ಪುಟ ಮೀರುವುದು ಬೇಡ. ಕ್ಲೇಮ್ ಸಂಖ್ಯೆ, ಷರತ್ತಿನ ಸಂಖ್ಯೆ, ‘ಬಿಲ್, ಕೊಟ್ಟದ್ದು, ಕೊಡಬೇಕಾದದ್ದು’ ಎಂಬ ಮೂರು ಅಂಕಣಗಳ ಪಟ್ಟಿ, ದರಪಟ್ಟಿಯ ಪ್ರತಿ ಇಷ್ಟಿರಲಿ. ಕೊನೆಯಲ್ಲಿ ಹೀಗೆ ಬರೆಯಬಹುದು: ‘ಮೇಲಿನ ಲೆಕ್ಕದಂತೆ 48,000 ರೂಪಾಯಿ ಬಾಕಿ ಇದ್ದು, ಅದನ್ನು ಪಾವತಿಸಬೇಕು ಅಥವಾ ಯಾವ ಬಾಬ್ತು ಯಾವ ಷರತ್ತಿನಡಿ ಸಲ್ಲದೆಂದು ಲಿಖಿತವಾಗಿ ತಿಳಿಸಬೇಕು.’ ಇದನ್ನು ಟಿಪಿಎಗೆ ಅಲ್ಲ, ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿ. ಅವರಿಗೆ ಎರಡು ವಾರದ ಕಾಲಾವಕಾಶವಿದೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಐಆರ್‌ಡಿಎಐನ bimabharosa.irdai.gov.in ತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಬಹುದು. ಆದರೆ ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ಬರುವಂತೆ ನೋಡಿಕೊಳ್ಳುತ್ತದೆ.

ಈ ನಡುವೆ ಕಂಪನಿಯಿಂದ ಕರೆ ಬಂದು, 28,000ಕ್ಕೆ ಮುಗಿಸೋಣ ಎನ್ನಬಹುದು. ಆಗ ನೋಡಬೇಕಾದದ್ದು ನಿಮ್ಮ ಕೈಯಲ್ಲಿರುವ ದಾಖಲೆಯನ್ನು. ಔಷಧ, ಪರೀಕ್ಷೆ, ಮೆಶ್‌ನ 28,000ಕ್ಕೆ ಪಾಲಿಸಿಯ ವ್ಯಾಖ್ಯೆಯೇ ಆಧಾರ. ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ವೈದ್ಯರ ಶುಲ್ಕದ 20,000 ನಿಂತಿರುವುದು ಆಸ್ಪತ್ರೆಯ ಪತ್ರದ ಮೇಲೆ. ಆ ಪತ್ರ ಸಿಕ್ಕಿರದಿದ್ದರೆ 28,000ಕ್ಕೆ ಒಪ್ಪುವುದು ನನ್ನ ಪ್ರಕಾರ ಸೋಲಲ್ಲ, ಸಿಕ್ಕಿದ್ದರೆ ಒಪ್ಪಬೇಡಿ. ಯಾವುದೇ ಮೊತ್ತಕ್ಕೆ ಒಪ್ಪಿದರೂ ಅದು ಮೊದಲು ಇ-ಮೇಲ್‌ನಲ್ಲಿ ಬರಲಿ.

ಮಾತುಕತೆ ಮುರಿದರೆ ಇಂಥ ತಕರಾರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧ ಕಟ್ಟಡದಲ್ಲಿದೆ. ಕಂಪನಿಗೆ ಮನವಿ ಕೊಟ್ಟು ಒಂದು ತಿಂಗಳು ಕಾದಿರಬೇಕು, ನಿರಾಕರಣೆಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಎರಡೂ ಕಡೆಯವರು ಒಪ್ಪಿದರೆ ಒಂಬುಡ್ಸ್‌ಮನ್ ರಾಜಿ ಮಾಡಿಸುತ್ತಾರೆ, ಇಲ್ಲವಾದರೆ ತೀರ್ಪು ಕೊಡುತ್ತಾರೆ. ತೀರ್ಪು ಬಂದ 30 ದಿನಗಳಲ್ಲಿ ಕಂಪನಿ ಅದನ್ನು ಪಾಲಿಸಬೇಕು. ಅದೇ ವಿಷಯ ಗ್ರಾಹಕರ ಆಯೋಗದಲ್ಲಿದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ 48,000ದಂಥ ಲೆಕ್ಕದ ತಕರಾರಿಗೆ ಮೊದಲು ಜೆ.ಪಿ. ನಗರದ ದಾರಿ ಹಿಡಿಯುವುದೇ ಸರಿ. ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇರುತ್ತದೆ, ಆ ದಿನಾಂಕವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.