ಜಾಗ ಬದಲಿಸುವ ಕಲೆ, ಬದಲಿಸದ ಕಲೆ

ನಾನು ಅಡಿಕೆ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಹಲ್ಲಿನ ಡಾಕ್ಟರು. ಹಲ್ಲುನೋವಿಗೆ ಜನ ತಿಂಗಳುಗಟ್ಟಲೆ ತಡೆದುಕೊಂಡು ಬರುತ್ತಾರೆ. ನಾಲಿಗೆ ಮೇಲೆ ಏನಾದರೂ ಕಂಡರೆ ಮಾತ್ರ ಮರುದಿನವೇ ಹಾಜರ್. ತಮಾಷೆ ಏನೆಂದರೆ, ಹಾಗೆ ಓಡಿ ಬರುವವರಲ್ಲಿ ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ. ನಿಜವಾಗಿ ಬೇಗ ಬರಬೇಕಾದವರು ನಿಧಾನವಾಗಿ ಬರುತ್ತಾರೆ, ಯಾಕೆಂದರೆ ಅವರಿಗೆ ನೋವೇ ಇರುವುದಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಹೆಣ್ಣುಮಗಳು ಬಂದಿದ್ದರು. ನಾಲಿಗೆ ಮೇಲೆ ಅಲ್ಲಲ್ಲಿ ಕೆಂಪು ಮಚ್ಚೆ, ಸುತ್ತ ಬಿಳಿ ಅಂಚು, ನೋಡಿದರೆ ಥೇಟ್ ನಕ್ಷೆಯ ಹಾಗೆ. ಹುಳಿ, ಖಾರ ತಾಗಿದರೆ ಉರಿ. ಮೆಡಿಕಲ್ ಶಾಪಿನಲ್ಲಿ ಫಂಗಸ್ ಎಂದು ಜೆಲ್ ಕೊಟ್ಟಿದ್ದರು, ಜೊತೆಗೆ ಬಿ ಕಾಂಪ್ಲೆಕ್ಸ್ ಮಾತ್ರೆ. ಎರಡರಿಂದಲೂ ಏನೂ ಆಗಿರಲಿಲ್ಲ.

ಮೊದಲು ಗಾಜ್ ಬಟ್ಟೆಯಿಂದ ಆ ಬಿಳಿ ಅಂಚನ್ನು ಒರೆಸಿದೆ. ಫಂಗಸ್ ಆದರೆ ಸಾಮಾನ್ಯವಾಗಿ ಮೊಸರಿನ ಕೆನೆಯಂತೆ ಎದ್ದು ಬರುತ್ತದೆ, ಕೆಳಗೆ ಕೆಂಪಾಗಿ ಕಾಣುತ್ತದೆ. ಇಲ್ಲಿ ಏನೂ ಬರಲಿಲ್ಲ. ಕೆಂಪು ಜಾಗ ಹುಣ್ಣೂ ಆಗಿರಲಿಲ್ಲ. ನಾಲಿಗೆ ಮೇಲೆ ಒರಟಾಗಿ ತಾಗುವ ಸಣ್ಣ ಸಣ್ಣ ಎಳೆಗಳಿವೆಯಲ್ಲ, ಅವು ಅಲ್ಲಿ ಉದುರಿ ಮೇಲ್ಮೈ ನುಣುಪಾಗಿತ್ತು, ಅಷ್ಟೇ. ಬೆರಳಿಟ್ಟು ಒತ್ತಿದರೆ ಎಲ್ಲ ಕಡೆ ಒಂದೇ ಮೆದು.

ಔಷಧಿ ಬರೆಯದೆ ಒಂದು ಕೆಲಸ ಹೇಳಿದೆ. ಎರಡು ಮೂರು ದಿನಕ್ಕೊಮ್ಮೆ ಬೆಳಗ್ಗೆ ಕಾಫಿಗೆ ಮುಂಚೆ, ಅದೇ ಕಿಟಕಿಯ ಬೆಳಕಿನಲ್ಲಿ, ನಾಲಿಗೆಯನ್ನು ಅಷ್ಟೇ ಚಾಚಿ ಫೋಟೋ ತೆಗೆಯಿರಿ, ಟಾರ್ಚ್ ಬೇಡ ಎಂದೆ. ಟಾರ್ಚ್ ಬೆಳಕಿಗೆ ಒದ್ದೆ ನಾಲಿಗೆ ಹೊಳೆದು ಎಲ್ಲವೂ ಬಿಳಿಯಾಗಿ ಕಾಣುತ್ತದೆ. ಮತ್ತೆ ಬಂದಾಗ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆವು. ಎಡಗಡೆಯ ದೊಡ್ಡ ಮಚ್ಚೆ ಮಾಯವಾಗಿ ಅಲ್ಲಿ ಎಳೆಗಳು ಮತ್ತೆ ಬೆಳೆದಿದ್ದವು. ತುದಿಯ ಹತ್ತಿರ ಹೊಸದೊಂದು ಎದ್ದಿತ್ತು. ಹೀಗೆ ದಿನಗಳಲ್ಲಿ, ವಾರಗಳಲ್ಲಿ ಜಾಗ ಬದಲಿಸುವುದು ಜಿಯಾಗ್ರಫಿಕ್ ಟಂಗ್. ಕ್ಯಾನ್ಸರ್ ಆಗುವುದಿಲ್ಲ, ಅಂಟುವುದೂ ಇಲ್ಲ. ನೂರರಲ್ಲಿ ಒಬ್ಬರಿಂದ ಮೂವರಿಗೆ ಇರುತ್ತದೆ ಎಂಬ ಅಂದಾಜಿದೆ. ಇದಕ್ಕೆ ಬಯಾಪ್ಸಿ ಬೇಕಿಲ್ಲ. ಉರಿ ಇರುವ ದಿನಗಳಲ್ಲಿ ಖಾರ, ಹುಳಿ ಕಡಿಮೆ ಮಾಡಿ, ಚುರುಗುಟ್ಟುವ ಪುದೀನಾ ಪೇಸ್ಟ್ ಬಿಟ್ಟು ಸಪ್ಪೆಯದು ಬಳಸಿ ಎಂದೆ. ಸೋರಿಯಾಸಿಸ್ ಇರುವವರಲ್ಲಿ ಇದು ಸ್ವಲ್ಪ ಜಾಸ್ತಿ. ಅದಕ್ಕೇ ಮೊಣಕೈ, ತಲೆಬುರುಡೆಯಲ್ಲಿ ಹೊಟ್ಟು ಏಳುತ್ತದಾ ಎಂದು ಕೇಳುತ್ತೇನೆ. ಅವರಿಗೆ ಇರಲಿಲ್ಲ.

ಆದರೆ ಮಚ್ಚೆಗಳಿಲ್ಲದೆ ಇಡೀ ನಾಲಿಗೆ ಬೋಳಾಗಿ ಕೆಂಪಾಗಿದ್ದರೆ ಲೆಕ್ಕ ಬೇರೆ. ಆಗ ಹಿಮೋಗ್ಲೋಬಿನ್, ಕಬ್ಬಿಣ, ಬಿ12 ನೋಡಿಸುತ್ತೇನೆ. ಅಂಥವರಿಗೆ ಮಾತ್ರೆ ಕೆಲಸ ಮಾಡುತ್ತದೆ, ನಕ್ಷೆ ನಾಲಿಗೆಗೆ ಸುಮ್ನೆ ದುಡ್ಡು ದಂಡ.

ಕಪ್ಪು ನಾಲಿಗೆಯ ಹೆದರಿಕೆ ಇನ್ನೂ ದೊಡ್ಡದು. ಒಬ್ಬರು ಅಜ್ಜ, ಬೇರೆ ಕಡೆ ಹಲ್ಲು ಕೀಳಿಸಿಕೊಂಡವರು, ಮಗನ ಜೊತೆ ಬಂದರು. ನಾಲಿಗೆಯ ನಡುಭಾಗದಲ್ಲಿ ಕಂದುಗಪ್ಪು ರೋಮದ ಹಾಸು. ತುದಿ, ಅಂಚು ಎರಡೂ ಸ್ವಚ್ಛ. ಪ್ರೋಬ್ ತುದಿಯಿಂದ ಬಾಚಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಅದು ಕೂದಲಲ್ಲ. ನಾನು ಮೊದಲು ಹೇಳಿದ ಎಳೆಗಳೇ. ಅವು ಇರಬೇಕಾದದ್ದು ಒಂದು ಮಿಲಿಮೀಟರಿನಷ್ಟು. ತುದಿ ಸವೆದು ಉದುರದಿದ್ದರೆ ಮೂರು ಮಿಲಿಮೀಟರ್ ದಾಟಿ ಬೆಳೆಯುತ್ತವೆ. ಅದರಲ್ಲಿ ಬ್ಯಾಕ್ಟೀರಿಯಾ, ಕಾಫಿ, ಹೊಗೆಸೊಪ್ಪಿನ ಬಣ್ಣ ಎಲ್ಲ ಸಿಕ್ಕಿಕೊಳ್ಳುತ್ತವೆ.

ಮಗನಿಗೆ ರಕ್ತದ ಕ್ಯಾನ್ಸರ್ ಇರಬಹುದೇ ಎಂಬ ಭಯ. ನಾನು ಊಟ ಏನು, ಔಷಧಿ ಏನು ಎಂದು ವಿಚಾರಿಸಿದೆ. ಹಲ್ಲು ಕಿತ್ತ ಮೇಲೆ ಆಂಟಿಬಯಾಟಿಕ್ ಮುಗಿಸಿದ್ದರು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಒಂದೆರಡು ವಾರಕ್ಕೆ ಬರೆದಿದ್ದರೂ, ಬಾಯಿ ಚೊಕ್ಕವಾಗಿರುತ್ತದೆ ಎಂದು ಬಿಡದೆ ಮುಂದುವರಿಸಿದ್ದರು. ಅಗಿಯಲು ಆಗದೆ ಗಂಜಿ, ಗಟ್ಟಿ ಡಿಕಾಕ್ಷನ್ ಕಾಫಿ. ನಾಲಿಗೆಗೆ ಒರಟು ಪದಾರ್ಥ ತಾಗಿಯೇ ಇಲ್ಲ. ಉತ್ತರ ಅಲ್ಲೇ ಇತ್ತು, ಅಲ್ವಾ?

ಮೌತ್‌ವಾಶ್ ನಿಲ್ಲಿಸಿದೆ. ಬೆಳಗ್ಗೆ, ರಾತ್ರಿ ಮೆತ್ತನೆ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಉಜ್ಜಿ, ಆಮೇಲೆ ಟಂಗ್ ಕ್ಲೀನರಿನಿಂದ ಹಗುರವಾಗಿ ಎಳೆಯಲು ಹೇಳಿದೆ. ರಕ್ತ ಬರುವಷ್ಟು ಕೆರೆಯಬೇಡಿ, ಉಪ್ಪು, ನಿಂಬೆಹಣ್ಣು, ಸೋಡಾ ತಿಕ್ಕಬೇಡಿ ಎಂದೆ. ನೀರು ಜಾಸ್ತಿ ಕುಡಿಯಬೇಕು, ಗಾಯ ಮಾಗಿದೆ, ಇನ್ನು ರೊಟ್ಟಿ ತಿನ್ನಬಹುದು. ಕೆಲವು ವಾರಗಳಲ್ಲಿ ನಾಲಿಗೆ ಗುಲಾಬಿಗೆ ತಿರುಗಿತು. ಯಾರಾದರೂ ಆಂಟಿಬಯಾಟಿಕ್ ಕೋರ್ಸಿನ ನಡುವೆ ಹೀಗಾಯಿತು ಎಂದು ಬಂದರೆ, ಅದನ್ನು ತಾವೇ ನಿಲ್ಲಿಸಬೇಡಿ, ಬರೆದ ಡಾಕ್ಟರನ್ನು ಕೇಳಿ ಎನ್ನುತ್ತೇನೆ.

ರೋಮವಿಲ್ಲದ ಬರೀ ಕಪ್ಪು ಬೇರೆ. ಕಬ್ಬಿಣದ ಟಾನಿಕ್, ಬಿಸ್ಮತ್ ಇರುವ ಹೊಟ್ಟೆಯ ಔಷಧಿ ಬಣ್ಣ ಹಚ್ಚುತ್ತವೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ನಾಲಿಗೆಯ ತುದಿ, ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು ಇರಬಹುದು. ವರ್ಷಗಳಿಂದ ಹಾಗೇ ಇದ್ದರೆ ಅದು ಹುಟ್ಟು ಬಣ್ಣವೇ. ಹೊಸದಾಗಿ ಎದ್ದ, ಬೆಳೆಯುತ್ತಿರುವ ಒಂಟಿ ಕಪ್ಪು ಕಲೆಯಾದರೆ ಮಾತ್ರ ತೋರಿಸಿಬಿಡಬೇಕು.

ನಕ್ಷೆ ನಾಲಿಗೆ, ರೋಮದ ಕಪ್ಪು ನಾಲಿಗೆ ಎರಡೂ ಹೆಚ್ಚಾಗಿ ನಾಲಿಗೆಯ ಮೇಲ್ಭಾಗದ ಕಥೆ. ನಾನು ಜಾಸ್ತಿ ಹೊತ್ತು ನೋಡುವುದು ಪಕ್ಕವನ್ನು. ನಾಲಿಗೆ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಪಕ್ಕದ ಅಂಚಿನಲ್ಲಿ, ಅದರ ಕೆಳಗೆ. ಸುಮ್ನೆ ನಾಲಿಗೆ ಚಾಚಿದರೆ ಆ ಜಾಗ ಕಾಣುವುದಿಲ್ಲ, ಫೋಟೋದಲ್ಲೂ ಸಿಗುವುದಿಲ್ಲ. ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಬಲಕ್ಕೊಮ್ಮೆ, ಎಡಕ್ಕೊಮ್ಮೆ ಎಳೆದು, ಕನ್ನಡಿಯಿಂದ ಕೆನ್ನೆ ಸರಿಸಿ, ದವಡೆ ಹಲ್ಲಿನ ಹಿಂದಿನವರೆಗೂ ನೋಡುತ್ತೇನೆ. ಅಲ್ಲಿ ಹಿಂದುಗಡೆ ಕೆಂಪು ಮಡಿಕೆಗಳು ಕಂಡು ಜನ ಗಾಬರಿಯಾಗುವುದುಂಟು. ಎರಡೂ ಕಡೆ ಒಂದೇ ಥರ ಇದ್ದರೆ ಅವು ಎಲ್ಲರಿಗೂ ಇರುವಂಥವು. ನೋಡಿದ ಮೇಲೆ ಬೆರಳಿನಿಂದ ಒತ್ತಿ, ಕುತ್ತಿಗೆಯ ಗಂಟುಗಳನ್ನೂ ಮುಟ್ಟಿ ನೋಡುತ್ತೇನೆ.

ಹಾಗೆ ನೋಡುವಾಗ ಸಿಕ್ಕಿದ್ದು ತೋಟದ ಮಾಲೀಕರೊಬ್ಬರ ಕಲೆ. ಅವರು ಬಂದಿದ್ದು ಹಲ್ಲು ಕ್ಲೀನ್ ಮಾಡಿಸಲು. ದಿನವಿಡೀ ಎಲೆಅಡಿಕೆ, ಹೊಗೆಸೊಪ್ಪು. ಎಡ ಅಂಚಿನಲ್ಲಿ ಬಿಳಿ ಕಲೆ, ಅದರ ನಡುವೆ ಕೆಂಪು. ಒರೆಸಿದರೆ ಹೋಗಲಿಲ್ಲ.

‘ನೋವಿದೆಯಾ ಯಜಮಾನ್ರೇ?’

‘ಏನಿಲ್ಲ ಡಾಕ್ಟ್ರೇ, ಆ ಮುರಿದ ಹಲ್ಲು ತಾಗುತ್ತೆ ಅಷ್ಟೇ.’

ಪಕ್ಕದಲ್ಲೇ ಮೊನಚಾದ ದವಡೆ ಹಲ್ಲು ಇದ್ದದ್ದು ನಿಜ. ಬೆರಳಿಗೆ ಗಟ್ಟಿ ತಾಗಲಿಲ್ಲ, ಗಂಟು ಇರಲಿಲ್ಲ. ಗಟ್ಟಿ ಇದ್ದಿದ್ದರೆ, ರಕ್ತ ಜಿನುಗುತ್ತಿದ್ದರೆ, ನಾಲಿಗೆ ಚಾಚಲು ಕಷ್ಟವಾಗಿದ್ದರೆ ಅದೇ ದಿನ ಕಳಿಸುತ್ತಿದ್ದೆ. ಹಲ್ಲನ್ನು ಉಜ್ಜಿ ನುಣುಪು ಮಾಡಿ, ಎರಡು ವಾರಕ್ಕೆ ಬನ್ನಿ ಎಂದು ತಾರೀಕು ಬರೆದುಕೊಟ್ಟೆ. ಹಲ್ಲು ತಾಗಿ ಆದ ಗಾಯ ಅಷ್ಟರಲ್ಲಿ ಮಾಯಬೇಕು, ಮಾಯದೆ ಉಳಿದದ್ದನ್ನು ಕಾಯುತ್ತಾ ಕೂರುವ ಹಾಗಿಲ್ಲ. ಬರುವುದು ಮರೆಯುತ್ತಾರೆ ಎಂದು ಅವರ ಹೆಂಡತಿಗೂ ಫೋನ್ ಮಾಡಿಸಿದೆ.

ಎರಡು ವಾರದ ನಂತರ ಕಲೆ ಒಂದು ಚೂರೂ ಕದಲಿರಲಿಲ್ಲ. ನಕ್ಷೆ ನಾಲಿಗೆಯಾಗಿದ್ದರೆ ಅಷ್ಟರಲ್ಲಿ ಆಕಾರವಾದರೂ ಬದಲಾಗುತ್ತಿತ್ತು. ಬಯಾಪ್ಸಿಗೆ ಕಳಿಸಿದೆ. ಮರಗಟ್ಟಿಸಿ ಕಲೆಯಿಂದ ಒಂದು ಸಣ್ಣ ತುಣುಕು ತೆಗೆಯುತ್ತಾರೆ, ಬರೀ ಬಿಳಿ ಇರುವ ಕಡೆ ತೆಗೆದರೆ ಸಾಲದು, ಕೆಂಪಾದ ಭಾಗದಿಂದಲೂ ಬರಬೇಕು. ಹಾಗೆಂದು ಚೀಟಿಯಲ್ಲಿ ಬರೆದೇ ಕಳಿಸಿದೆ. ರಿಪೋರ್ಟಿನಲ್ಲಿ ಜೀವಕೋಶಗಳ ಬದಲಾವಣೆ ಇತ್ತು, ಕ್ಯಾನ್ಸರ್ ಆಗಿರಲಿಲ್ಲ. ಕಲೆಯನ್ನು ಪೂರ್ತಿ ತೆಗೆದರು.

ತೆಗೆದ ಮೇಲೂ ಅಂಥ ಕಲೆ ಮತ್ತೆ ಬರಬಹುದು, ಅದೇ ಬಾಯಿಯ ಬೇರೆ ಕಡೆಯೂ ಏಳಬಹುದು. ಹಾಗಾಗಿ ಮೂರು ತಿಂಗಳಿಗೊಮ್ಮೆ ಕರೆಸುತ್ತೇನೆ. ಹೊಗೆಸೊಪ್ಪು ಬಿಟ್ಟಿದ್ದಾರೆ, ಬರೀ ಅಡಿಕೆ ಪರವಾಗಿಲ್ಲ ಅಲ್ವಾ ಎಂದು ಪ್ರತಿ ಸಲ ಕೇಳುತ್ತಾರೆ. ಪರವಾಗಿದೆ ಯಜಮಾನ್ರೇ, ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಪ್ರತಿ ಸಲ ಹೇಳುತ್ತೇನೆ. ನಮ್ಮೂರಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ.